ಒಂಬತ್ತು ದಿನ ತಡವಾಗಿದ್ದಕ್ಕೆ ಹೋದ ಶೇ. 3: ನಮ್ಮ ಜಿಲ್ಲೆಯ ಬ್ಯಾಂಕ್ ಮ್ಯಾನೇಜರುಗಳಿಗೆ ಒಂದು ಬಹಿರಂಗ ಪತ್ರ

ಹಾವೇರಿ ಜಿಲ್ಲೆಯ ಎಲ್ಲಾ ಬ್ಯಾಂಕ್ ಶಾಖೆಗಳ ಮ್ಯಾನೇಜರ್ ಸಾಹೇಬರಿಗೆ, ಲೀಡ್ ಬ್ಯಾಂಕ್ ಮ್ಯಾನೇಜರ್ ಅವರಿಗೆ, ಮತ್ತೆ ಇದನ್ನು ಓದುವ ನನ್ನಪ್ಪನಂಥ ಎಲ್ಲಾ ರೈತರಿಗೆ,

ನಮಸ್ಕಾರ.

ನಾನು ರಾಣೇಬೆನ್ನೂರು ತಾಲ್ಲೂಕಿನ ಒಬ್ಬ ರೈತನ ಮಗಳು. ನಮಗೆ ನಾಲ್ಕೂವರೆ ಎಕರೆ ಹೊಲ ಇದೆ. ಹೆಚ್ಚಿನ ಪಾಲು ಗೋವಿನಜೋಳ, ಒಂದೆಕರೆ ಹತ್ತಿ. ಹೊಲದ ಕೆಲಸ ಅಪ್ಪನದು, ಲೆಕ್ಕದ ಪುಸ್ತಕ ನನ್ನದು. ಆದರೆ ಲೆಕ್ಕ ನನ್ನ ಕೈಗೆ ಬಂದಿದ್ದು 2023ರ ಜೂನ್ ತಿಂಗಳ ನಂತರ. ಅದಕ್ಕೊಂದು ಕಾರಣ ಇದೆ. ಅದನ್ನು ಹೇಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಅಪ್ಪ 2022ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಖಾತೆಯಿಂದ ಒಂದೂವರೆ ಲಕ್ಷ ತೆಗೆದಿದ್ದರು. ಬಿತ್ತನೆಗೆ ಅಂತ ಜೂನ್ 10ಕ್ಕೆ ಒಂದು ಲಕ್ಷ, ಮೇಲುಗೊಬ್ಬರ ಮತ್ತು ಕಳೆ ತೆಗೆಸೋ ಕೂಲಿಗೆ ಅಂತ ಆಗಸ್ಟ್ 5ಕ್ಕೆ ಇನ್ನೈವತ್ತು ಸಾವಿರ. ಫಸಲು ಚೆನ್ನಾಗಿತ್ತು. ಜೋಳ ಮಾರಿದ ದುಡ್ಡು ಕೈಗೆ ಬಂದಾಗ ಮನೆಯ ಹಿಂದಿನ ಗೋಡೆ ಬಿದ್ದಿತ್ತು, ಅದನ್ನು ಕಟ್ಟಿಸಿದರು. ಮಿಕ್ಕಿದ್ದನ್ನು ಹಾಗೇ ಇಟ್ಟುಕೊಂಡರು. ನಾನು ಒಮ್ಮೆ ಕೇಳಿದ್ದಕ್ಕೆ, "ಆಗಸ್ಟ್‌ನಾಗ ತಗೊಂಡೀನಿ, ಆಗಸ್ಟ್‌ತನಕ ಟೈಮ್ ಐತಿ ಬಿಡವ್ವಾ" ಅಂದರು. ಕೊನೆಯ ಸಲ ದುಡ್ಡು ತೆಗೆದ ದಿನದಿಂದ ಒಂದು ವರ್ಷ ಅಂತ ಅವರ ತಲೆಯಲ್ಲಿತ್ತು. ಬ್ಯಾಂಕಿನ ಲೆಕ್ಕದಲ್ಲಿ ಗಡುವು ಇದ್ದಿದ್ದು 2023ರ ಜೂನ್ 9. ಅಪ್ಪ ಅಸಲು ಬಡ್ಡಿ ಎರಡನ್ನೂ ಜೋಡಿಸಿಕೊಂಡು ಹೋಗಿದ್ದು ಜೂನ್ 18ಕ್ಕೆ. ಅದೂ ಹೊಸ ಬಿತ್ತನೆಗೆ ದುಡ್ಡು ಬೇಕಾಗಿತ್ತು, ಅದಕ್ಕೇ ಆಗಸ್ಟ್ ತನಕ ಕಾಯದೆ ಮೊದಲೇ ಹೋಗಿದ್ದೇನೆ ಅನ್ನೋ ಸಮಾಧಾನದಲ್ಲಿ ಹೋಗಿದ್ದರು.

ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ ಹೇಳಿದ್ದು ಇಷ್ಟೇ: "ಡೇಟ್ ಮುಗದೈತಿ ಯಜಮಾನ್ರ, ಸಬ್ಸಿಡಿ ಬರಂಗಿಲ್ಲ."

ಎಷ್ಟು ಹೋಯಿತು ಅಂತ ಆವತ್ತು ಯಾರೂ ಹೇಳಲಿಲ್ಲ. ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. ಸುಮಾರು 4,250 ರೂಪಾಯಿ. ಮೂರು ಚೀಲ ಡಿಎಪಿ ತಗೊಂಡು ಇನ್ನೂ ಇನ್ನೂರು ರೂಪಾಯಿ ಉಳಿಯುವಷ್ಟು. ಒಂಬತ್ತು ದಿನಕ್ಕೆ ಒಂಬತ್ತು ದಿನದ ದಂಡ ಅಂದಿದ್ದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಡೀ ವರ್ಷದ ರಿಯಾಯಿತಿ ಹೋಗುತ್ತದೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ.

ಸಾಹೇಬರೇ, ನಾನು ನಿಯಮ ತಪ್ಪು ಅಂತ ಹೇಳುತ್ತಿಲ್ಲ. ನಿಯಮ ಇರೋದೇ ಸಕಾಲಕ್ಕೆ ಕಟ್ಟಲಿ ಅಂತ. ನಾನು ಹೇಳೋದು ಒಂದೇ ಮಾತು. ಇಷ್ಟೆಲ್ಲ ಒಂದು ತಾರೀಖಿನ ಮೇಲೆ ನಿಂತಿದೆ ಅಂದಮೇಲೆ ಆ ತಾರೀಖು ರೈತನ ಕೈಯಲ್ಲಿ, ಕನ್ನಡದಲ್ಲಿ, ಬರೆದಿರೋ ರೂಪದಲ್ಲಿ ಇರಬೇಕು. ಈಗ ಅದು ನಿಮ್ಮ ಕಂಪ್ಯೂಟರ್ ಒಳಗಿದೆ, ನಮ್ಮ ಪಾಸ್‌ಬುಕ್ಕಿನಲ್ಲಿ ಇಲ್ಲ.

ಓದುವ ರೈತರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾನೇಜರ್ ಸಾಹೇಬರಿಗೆ ಇದು ಗೊತ್ತಿರುವ ವಿಷಯ, ಆದರೂ ನಮ್ಮ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ನೀವೂ ಓದಿ.

ಕೆಸಿಸಿ ಮೇಲೆ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇ. 7. ಈ ದರಕ್ಕೆ ಕೊಡಲಿ ಅಂತ ಕೇಂದ್ರ ಸರ್ಕಾರ ಬ್ಯಾಂಕಿಗೆ ಶೇ. 1.5 ತುಂಬಿಕೊಡುತ್ತದೆ. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ನಮಗೆ ಸೇರೋದು ಎರಡನೆಯದು. ಗಡುವಿನ ಒಳಗೆ ಪೂರ್ತಿ ಕಟ್ಟಿದವರಿಗೆ ಇನ್ನೂ ಶೇ. 3 ವಾಪಸ್. ಸಕಾಲ ಮರುಪಾವತಿ ಪ್ರೋತ್ಸಾಹಧನ ಅಂತಾರೆ, ಊರಲ್ಲಿ ಎಲ್ಲರೂ ಬಡ್ಡಿ ಸಬ್ಸಿಡಿ ಅಂತಲೇ ಕರೆಯುತ್ತೇವೆ. ಇದು 2009-10ರಲ್ಲಿ ಶೇ. 1 ಅಂತ ಶುರುವಾಗಿದ್ದು, ಮರುವರ್ಷ 2 ಆಯಿತು, 2011-12ರಿಂದ 3 ಆಗಿ ಹಾಗೇ ಇದೆ. ಏಳರಲ್ಲಿ ಮೂರು ಕಳೆದರೆ ನಾಲ್ಕು. ಒಂದು ಲಕ್ಷಕ್ಕೆ ಪೂರ್ತಿ ವರ್ಷ ಅಂದರೆ 7,000 ಬಡ್ಡಿಯಲ್ಲಿ 3,000 ನಮಗೆ ವಾಪಸ್, ನಮ್ಮ ಕೈಯಿಂದ ಹೋಗೋದು 4,000. ಅಷ್ಟು ಕಡಿಮೆ ಬಡ್ಡಿಗೆ ಊರಲ್ಲಿ ಯಾರೂ ಕೊಡೋದಿಲ್ಲ.

ಇನ್ನು ತಾರೀಖಿನ ವಿಷಯ. ಶೇ. 3 ಲೆಕ್ಕ ಹಾಕೋದು ದುಡ್ಡು ತೆಗೆದ ದಿನದಿಂದ, ನಾವು ಕಟ್ಟಿದ ದಿನದವರೆಗೆ. ಆದರೆ ಬ್ಯಾಂಕು ಹಾಕಿರುವ ಗಡುವಿನ ಒಳಗೆ ಕಟ್ಟಿರಬೇಕು, ಒಂದು ವರ್ಷ ದಾಟಿರಬಾರದು. ಇದರಲ್ಲಿ ಜನ ಎಡವೋದು ಎಲ್ಲಿ ಅಂದರೆ, "ಒಂದು ವರ್ಷ" ಅನ್ನೋ ಮಾತು ಮಾತ್ರ ಎಲ್ಲರ ಬಾಯಲ್ಲಿ ಇದೆ, "ಬ್ಯಾಂಕು ಹಾಕಿರುವ ಗಡುವು" ಅನ್ನೋದು ಯಾರ ತಲೆಯಲ್ಲೂ ಇಲ್ಲ. ಗಡುವನ್ನು ಬ್ಯಾಂಕು ಬೆಳೆ ಕೊಯ್ಲಾಗಿ ಮಾರಾಟ ಆಗುವ ಕಾಲ ನೋಡಿ ಹಾಕುತ್ತದೆ. ಅದು ವರ್ಷಕ್ಕಿಂತ ಮೊದಲೇ ಬಂದರೂ ಬರಬಹುದು. ಎರಡರಲ್ಲಿ ಯಾವುದು ಮೊದಲೋ ಅದೇ ಲೆಕ್ಕ. ನಮ್ಮಪ್ಪನ ಹಾಗೆ ಎರಡು ಕಂತಿನಲ್ಲಿ ತೆಗೆದವರು ಮೊದಲ ಕಂತಿನ ತಾರೀಖನ್ನೇ ನೆನಪಿಟ್ಟುಕೊಳ್ಳೋದು ಕ್ಷೇಮ. ಅಷ್ಟೇ ಅಲ್ಲ, ಗಡುವು ದಾಟಿದ ಮರುದಿನದಿಂದ ಶೇ. 7 ಕೂಡ ಇರೋದಿಲ್ಲ, ಬ್ಯಾಂಕಿನ ಮಾಮೂಲಿ ದರ ಶುರುವಾಗುತ್ತದೆ, ಸಾಲ ಸುಸ್ತಿ ಅಂತ ಬರೆದುಕೊಳ್ಳುತ್ತಾರೆ.

ಈಗ ನಮ್ಮದೇ ಲೆಕ್ಕ, 2024ನೇ ಸಾಲಿನದು, ಎಲ್ಲಾ ಸರಿಯಾಗಿ ನಡೆದ ವರ್ಷದ್ದು. ಆ ವರ್ಷವೂ ಜೂನ್ 10ಕ್ಕೆ ಒಂದು ಲಕ್ಷ, ಆಗಸ್ಟ್ 5ಕ್ಕೆ ಐವತ್ತು ಸಾವಿರ ತೆಗೆದೆವು. ಜೋಳ ಮಾರಿ, ಹತ್ತಿಯ ಮೊದಲೆರಡು ಬಿಡಿಸುವಿಕೆಯ ದುಡ್ಡೂ ಬಂದಮೇಲೆ 2025ರ ಜನವರಿ 20ಕ್ಕೆ ಎಲ್ಲಾ ಕಟ್ಟಿದೆವು. ಒಂದು ಲಕ್ಷ ನಮ್ಮ ಹತ್ತಿರ ಇದ್ದಿದ್ದು 224 ದಿನ. ಐವತ್ತು ಸಾವಿರ ಇದ್ದಿದ್ದು 168 ದಿನ. ಲಕ್ಷಕ್ಕೆ ವರ್ಷದ ಬಡ್ಡಿ 7,000, ಅದನ್ನು 365ರಿಂದ ಭಾಗಿಸಿ 224ರಿಂದ ಗುಣಿಸಿದರೆ 4,296 ರೂಪಾಯಿ. ಐವತ್ತು ಸಾವಿರಕ್ಕೆ ಅದೇ ರೀತಿ 1,611. ಎರಡೂ ಕೂಡಿ 5,907. ಇದರ ಏಳು ಪಾಲಿನಲ್ಲಿ ಮೂರು ಪಾಲು, ಅಂದರೆ 2,531 ರೂಪಾಯಿ ನಮ್ಮ ಪ್ರೋತ್ಸಾಹಧನ. ಕೊನೆಗೆ ನಮಗೆ ಬಿದ್ದ ಬಡ್ಡಿ 3,376. ಒಂದೂವರೆ ಲಕ್ಷ ಬಳಸಿ ಒಂದು ಬೆಳೆ ತೆಗೆದದ್ದಕ್ಕೆ ಅಷ್ಟೇ.

ಐವತ್ತು ಸಾವಿರವನ್ನು ಆಗಸ್ಟ್ ತನಕ ತೆಗೆಯದೇ ಇದ್ದದ್ದೂ ಇಲ್ಲಿ ನೆರವಿಗೆ ಬಂತು. ಕಾರ್ಡಿನಲ್ಲಿ ಮಿತಿ ಇದೆ ಅಂತ ಜೂನ್‌ನಲ್ಲೇ ಪೂರ್ತಿ ತೆಗೆದು ಮನೆಯಲ್ಲಿಟ್ಟುಕೊಂಡಿದ್ದರೆ ಬಡ್ಡಿ 500 ರೂಪಾಯಿಗೂ ಜಾಸ್ತಿ ಆಗುತ್ತಿತ್ತು. ಬ್ಯಾಂಕಿಗೆ ಎರಡು ಸಲ ಹೋಗೋದು ಕಷ್ಟ ಅಂತ ಎಷ್ಟೋ ಜನ ಒಂದೇ ಸಲ ತೆಗೆದುಬಿಡುತ್ತಾರೆ.

ಇಲ್ಲಿ ಒಂದು ಪ್ರಶ್ನೆ ನನ್ನ ಚಿಕ್ಕಪ್ಪ ಕೇಳಿದ್ದರು, ಬೇರೆಯವರಿಗೂ ಬರಬಹುದು. ಜನವರಿಯಲ್ಲಿ ಕಟ್ಟಿದ್ದಕ್ಕೆ ಶೇ. 3 ಅಂತ ಬರೀ 2,531 ಬಂತಲ್ಲ, ಜೂನ್ ಮೊದಲ ವಾರದ ತನಕ ಇಟ್ಟುಕೊಂಡು ಕಟ್ಟಿದ್ದರೆ ಜಾಸ್ತಿ ಬರುತ್ತಿರಲಿಲ್ವಾ? ಬರುತ್ತಿತ್ತು. ಜೂನ್ 5ಕ್ಕೆ ಕಟ್ಟಿದ್ದರೆ ಪ್ರೋತ್ಸಾಹಧನ 4,200 ದಾಟುತ್ತಿತ್ತು. ಆದರೆ ಒಟ್ಟು ಬಡ್ಡಿಯೂ 9,800 ದಾಟುತ್ತಿತ್ತು, ನಮ್ಮ ಕೈಯಿಂದ ಹೋಗೋದು 5,600. ಬಂದ ಸಬ್ಸಿಡಿ ನೋಡಬಾರದು, ಕೈಯಿಂದ ಹೋದ ಬಡ್ಡಿ ನೋಡಬೇಕು. ಹಾಗಂತ ಎಲ್ಲರೂ ಜನವರಿಯಲ್ಲೇ ಕಟ್ಟಬೇಕು ಅಂತಲೂ ನಾನು ಹೇಳೋದಿಲ್ಲ. ಮನೆಯಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಇದ್ದರೆ, ಅದು ವರ್ಷಕ್ಕೆ ಶೇ. 24. ಜೋಳ ಮಾರಿದ ದುಡ್ಡಿನಲ್ಲಿ ಮೊದಲು ಅದನ್ನು ತೀರಿಸೋದೇ ಸರಿ. ಶೇ. 4ರ ಸಾಲ ಗಡುವಿನ ತನಕ ಕಾಯಬಹುದು. ಆದರೆ ಗಡುವಿನ ಹೊತ್ತಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಖಚಿತವಾಗಿ ಗೊತ್ತಿರಬೇಕು, ಇಲ್ಲದಿದ್ದರೆ ಮುಂದೆ ಹೇಳುವ ಸುಳಿಗೆ ಬೀಳುತ್ತೇವೆ.

ಅದು ಯಾವ ಸುಳಿ ಅಂದರೆ ಹೊಸ-ಹಳೆ ಮಾಡಿಸೋದು. ಗಡುವು ಹತ್ತಿರ ಬರುತ್ತದೆ, ದುಡ್ಡು ಇರೋದಿಲ್ಲ. ಊರಲ್ಲಿ ಯಾರ ಹತ್ತಿರವೋ ಕೈಸಾಲ ತಂದು ಬ್ಯಾಂಕಿಗೆ ಕಟ್ಟೋದು, ಮತ್ತೆ ಅದೇ ಖಾತೆಯಿಂದ ತೆಗೆದು ಅವರಿಗೆ ವಾಪಸ್ ಕೊಡೋದು. ಎರಡು ಮೂರು ದಿನದಲ್ಲಿ ಮುಗಿದರೆ ಇದರಿಂದ ನಷ್ಟ ಕಡಿಮೆಯೇ. ಆದರೆ ಎರಡು ಮೂರು ದಿನದಲ್ಲಿ ಮುಗಿಯುತ್ತದಾ? ಕಟ್ಟಿದ ಮೇಲೆ ರಿನ್ಯೂವಲ್ ಆಗಬೇಕು ಅಂತಾರೆ, ಹೊಸ ಪಹಣಿ ತನ್ನಿ ಅಂತಾರೆ, ಫೀಲ್ಡ್ ಆಫೀಸರ್ ರಜೆ ಅಂತಾರೆ, ನೆಟ್‌ವರ್ಕ್ ಇಲ್ಲ ಅಂತಾರೆ. ಹೀಗೆ ಒಂದು ತಿಂಗಳು ಎಳೆದರೆ ಏನಾಗುತ್ತದೆ ನೋಡಿ. ನೂರಕ್ಕೆ ಮೂರು ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ತಿಂಗಳ ಬಡ್ಡಿ 3,000. ಬ್ಯಾಂಕು ಒಂದು ಲಕ್ಷಕ್ಕೆ ಇಡೀ ವರ್ಷ ಸಕಾಲಕ್ಕೆ ಕಟ್ಟಿದ್ದಕ್ಕೆ ಕೊಡೋದೂ 3,000. ಸರ್ಕಾರ ರೈತನಿಗೆ ಅಂತ ಕೊಟ್ಟ ವರ್ಷದ ರಿಯಾಯಿತಿ ಪೂರ್ತಿ ಒಂದೇ ತಿಂಗಳಲ್ಲಿ ಕೈಸಾಲ ಕೊಟ್ಟವನ ಜೇಬಿಗೆ ಹೋಯಿತು. ನಮ್ಮ ಓಣಿಯಲ್ಲೇ ಇದು ಆಗಿದೆ, ಒಂದು ಮನೆಯಲ್ಲಿ ಅಲ್ಲ.

ಇದನ್ನು ನೀವು ತಪ್ಪಿಸಬಹುದು ಸಾಹೇಬರೇ. ಕೆಸಿಸಿ ಮಿತಿ ಮಂಜೂರಾಗೋದು ಐದು ವರ್ಷಕ್ಕೆ. ನಡುವೆ ವರ್ಷಕ್ಕೊಂದು ಸಲ ಪರಿಶೀಲನೆ ಇರುತ್ತದೆ, ಸರಿ. ಆ ಪರಿಶೀಲನೆಗೆ ಬೇಕಾದ ಪಹಣಿ, ಆಧಾರ್, ಬೆಳೆಯ ವಿವರ ಎಲ್ಲವನ್ನೂ ಗಡುವಿಗೆ ಒಂದು ತಿಂಗಳು ಮೊದಲೇ ಕೇಳಿ ತೆಗೆದುಕೊಂಡರೆ, ಕಟ್ಟಿದ ದಿನವೇ ಅಥವಾ ಮರುದಿನವೇ ಮತ್ತೆ ತೆಗೆಯಲಿಕ್ಕೆ ಏನು ಅಡ್ಡಿ? ಕೆಲವು ಶಾಖೆಗಳಲ್ಲಿ ಹೀಗೇ ನಡೆಯುತ್ತದೆ ಅಂತ ಪಕ್ಕದೂರಿನವರು ಹೇಳುತ್ತಾರೆ. ಅಲ್ಲಿ ಆಗೋದು ಇಲ್ಲಿ ಯಾಕೆ ಆಗಬಾರದು.

ಇನ್ನೊಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಬರೀ ಬಡ್ಡಿ ಕಟ್ಟಿ ಬಂದರೆ ಸಾಲ ಚಾಲ್ತಿಯಲ್ಲಿ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಚಿನ್ನದ ಸಾಲದಲ್ಲಿ ಹಾಗೆ ಮಾಡಿ ರೂಢಿ, ಅದನ್ನೇ ಇಲ್ಲೂ ಮಾಡುತ್ತಾರೆ. ಬೆಳೆ ಸಾಲದಲ್ಲಿ ಬಡ್ಡಿ ಮಾತ್ರ ಕಟ್ಟಿದರೆ ಅಸಲು ಕಟ್ಟಿದ ಹಾಗಾಗೋದಿಲ್ಲ, ಶೇ. 3 ಬರೋದಿಲ್ಲ. ಮೇ ತಿಂಗಳಲ್ಲಿ ಒಬ್ಬ ಅಜ್ಜ ಬಡ್ಡಿ ಅಂತ ಆರೇಳು ಸಾವಿರ ಕಟ್ಟಿ ರಸೀದಿ ಹಿಡಿದು ನೆಮ್ಮದಿಯಿಂದ ಹೊರಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಕೌಂಟರಿನಲ್ಲಿ ಕೂತವರು "ಅಜ್ಜಾರ, ಅಸಲೂ ಇಂಥ ತಾರೀಖಿನೊಳಗ ಬರಬೇಕು" ಅಂತ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ಕಟ್ಟಿದ ಮೇಲೆ ಶೇ. 3 ಬಂತೋ ಇಲ್ಲವೋ ಅಂತ ತಿಳಿಯೋದು ಹೇಗೆ? ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದ ವಿಷಯ. ಕಟ್ಟುವಾಗ ಶೇ. 7ರ ಲೆಕ್ಕದಲ್ಲಿ ಪೂರ್ತಿ ಬಡ್ಡಿ ಕಟ್ಟಿಸಿಕೊಂಡರು. ರಿಯಾಯಿತಿ ಆಮೇಲೆ ಜಮಾ ಆಗುತ್ತದೆ ಅಂದರು. ಎಲ್ಲಿಗೆ? ಉಳಿತಾಯ ಖಾತೆಗಾ, ಸಾಲದ ಖಾತೆಗಾ? ಅಪ್ಪ ಎರಡು ತಿಂಗಳು ಉಳಿತಾಯ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾ ಇದ್ದರು, ಏನೂ ಬರಲಿಲ್ಲ. ಕೊನೆಗೆ ನಾನು ಹೋಗಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿದರೆ ಅಲ್ಲಿ ಒಂದು ಜಮಾ ಇತ್ತು, ಪಕ್ಕದಲ್ಲಿ ಇಂಗ್ಲಿಷಿನ ಮೂರು ಅಕ್ಷರ, ಒಂದಷ್ಟು ಅಂಕಿ. ಮೊತ್ತ ನನ್ನ ಲೆಕ್ಕಕ್ಕೆ ಒಂದೆರಡು ರೂಪಾಯಿ ಹೆಚ್ಚು ಕಡಿಮೆ ಸರಿ ಇತ್ತು. ಅಪ್ಪನಿಗೆ ಆವತ್ತು ಆದ ಖುಷಿ ದುಡ್ಡಿಗೆ ಆದದ್ದಲ್ಲ, ಲೆಕ್ಕ ಕೂಡಿದ್ದಕ್ಕೆ. ಅದಕ್ಕೇ ಓದುವ ರೈತರಿಗೆ ಹೇಳುತ್ತೇನೆ, ಉಳಿತಾಯದ ಪಾಸ್‌ಬುಕ್ ಮಾತ್ರ ನೋಡಬೇಡಿ, ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಮೂರು ವಿಷಯ ಅದರಲ್ಲೇ ಸಿಗುತ್ತವೆ: ದುಡ್ಡು ತೆಗೆದ ತಾರೀಖು, ಕಟ್ಟಿದ ತಾರೀಖು, ಬಡ್ಡಿ ಅಂತ ಎಷ್ಟು ಹಾಕಿದ್ದಾರೆ ಅನ್ನೋದು. ಬಡ್ಡಿಯ ಏಳು ಪಾಲಿನಲ್ಲಿ ಮೂರು ಪಾಲು ವಾಪಸ್ ಬಂದಿದೆಯಾ ಅಂತ ನೋಡಿದರೆ ಸಾಕು, ಬೇರೆ ಗಣಿತ ಬೇಡ.

ಬಂದಿಲ್ಲ ಅಂದರೆ ಮೊದಲು ಆಧಾರ್ ಜೋಡಣೆ ನೋಡಿ. ಈಗ ಈ ಸಬ್ಸಿಡಿ ಲೆಕ್ಕವೆಲ್ಲ ಆಧಾರ್ ಮೇಲೆಯೇ ನಡೆಯುತ್ತದೆ, 2023ರಿಂದ ಕಿಸಾನ್ ಋಣ್ ಪೋರ್ಟಲ್ ಅಂತ ಒಂದು ಬಂದಿದೆ, ಬ್ಯಾಂಕು ರೈತನ ವಿವರವನ್ನು ಅದರಲ್ಲಿ ಹಾಕಿ ಸರ್ಕಾರದಿಂದ ಹಣ ಕೇಳುತ್ತದೆ. ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ, ಪಹಣಿಯಲ್ಲಿ ತಂದೆಯ ಹೆಸರಿದ್ದು ಆಧಾರಿನಲ್ಲಿ ಇಲ್ಲದಿದ್ದರೆ, ತೊಡಕು ಶುರು. ನಮ್ಮ ಕಡೆ ಇನ್ನೂ ಎಷ್ಟೋ ಹೊಲ ಅಜ್ಜನ ಹೆಸರಲ್ಲೇ ಇದೆ. ಇದನ್ನು ಸಾಲ ಕಟ್ಟಿದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ, ಸಾಲ ಕೊಡುವ ದಿನವೇ ನೋಡಿ ಹೇಳಬೇಕು.

ಈಗ ಕಷ್ಟದ ವರ್ಷದ ಮಾತು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ನಮ್ಮ ಜೋಳ ತೆನೆ ಕಟ್ಟುವ ಹೊತ್ತಿಗೆ ಒಣಗಿತು, ಅರ್ಧದಷ್ಟೂ ಬರಲಿಲ್ಲ. ಹಿಂದಿನ ಸಲ ಒಂಬತ್ತು ದಿನಕ್ಕೆ ಶೇ. 3 ಕಳೆದುಕೊಂಡ ಭಯ ಅಪ್ಪನಿಗೆ ಎಷ್ಟಿತ್ತು ಅಂದರೆ, ಅವ್ವನ ಬಂಗಾರ ಅಡವಿಟ್ಟು ಗಡುವಿಗೆ ಒಂದು ವಾರ ಮೊದಲೇ ಬೆಳೆ ಸಾಲ ಪೂರ್ತಿ ಕಟ್ಟಿದರು. ಶೇ. 3 ಬಂತು. ಬಂಗಾರದ ಬಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ ಹೋಯಿತು.

ಆಮೇಲೆ ನನಗೆ ಗೊತ್ತಾದ ವಿಷಯ ಇದು. ಬರ ಅಂತ ಘೋಷಣೆ ಆಗಿ ಬೆಳೆ ನಷ್ಟ ಶೇ. 33ಕ್ಕಿಂತ ಜಾಸ್ತಿ ಇದ್ದರೆ, ಬೆಳೆ ಸಾಲವನ್ನು ಅವಧಿ ಸಾಲವಾಗಿ ಬದಲಾಯಿಸಿ ಕಟ್ಟಲು ಹೆಚ್ಚು ವರ್ಷ ಕೊಡುವ ವ್ಯವಸ್ಥೆ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ನಷ್ಟ ಅರ್ಧದೊಳಗಿದ್ದರೆ ಎರಡು ವರ್ಷದ ತನಕ, ಅರ್ಧಕ್ಕಿಂತ ಜಾಸ್ತಿ ಇದ್ದರೆ ಐದು ವರ್ಷದ ತನಕ. ಹಾಗೆ ಬದಲಾಯಿಸಿದ ಸಾಲಕ್ಕೆ ಮೊದಲ ವರ್ಷ ಬಡ್ಡಿ ಸಹಾಯ ಮುಂದುವರಿಯುತ್ತದೆ, ಎರಡನೇ ವರ್ಷದಿಂದ ಮಾಮೂಲಿ ದರ. ತೀರಾ ದೊಡ್ಡ ವಿಕೋಪ ಅಂತ ಕೇಂದ್ರದ ಉನ್ನತ ಸಮಿತಿ ತೀರ್ಮಾನಿಸಿದ ಕಡೆ ಮಾತ್ರ ಸಹಾಯ ಇನ್ನೂ ಹೆಚ್ಚು ವರ್ಷ ಸಿಗುತ್ತದೆ, ಶೇ. 3 ಕೂಡ ಸಿಗುತ್ತದೆ. ಅಂದರೆ ಇದು ಸಾಲ ಮನ್ನಾ ಅಲ್ಲ, ಪುಕ್ಕಟೆಯೂ ಅಲ್ಲ. ಕೈಯಲ್ಲಿ ದುಡ್ಡಿದ್ದವರು ಕಟ್ಟಿ ಶೇ. 3 ತೆಗೆದುಕೊಳ್ಳೋದೇ ಒಳ್ಳೆಯದು. ದುಡ್ಡೇ ಇಲ್ಲದೆ ಬಂಗಾರ ಅಡವಿಡುವ ಸ್ಥಿತಿ ಇದ್ದವರಿಗೆ ಈ ದಾರಿ ಇದೆ ಅಂತ ಗೊತ್ತಿರಬೇಕಿತ್ತು, ಎರಡನ್ನೂ ತೂಗಿ ನೋಡುತ್ತಿದ್ದರು. ನಮಗೆ ಯಾರೂ ಹೇಳಲಿಲ್ಲ. ಶಾಖೆಯ ನೋಟಿಸ್ ಬೋರ್ಡಿನಲ್ಲೂ ಇರಲಿಲ್ಲ.

ಬೆಲೆಯ ವಿಷಯಕ್ಕೂ ಗಡುವಿಗೂ ಸಂಬಂಧ ಇದೆ. ಗೋವಿನಜೋಳ ಎಲ್ಲರದೂ ಒಟ್ಟಿಗೆ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ, ಆಗ ರೇಟು ಬೀಳುತ್ತದೆ. ಸಾಲ ಕಟ್ಟಬೇಕು ಅನ್ನೋ ಆತುರಕ್ಕೆ ಒದ್ದೆ ಜೋಳವನ್ನೇ ರಾಶಿ ಮಾಡಿ ಬಂದ ರೇಟಿಗೆ ಕೊಟ್ಟುಬಿಡುವವರು ಇದ್ದಾರೆ. ಜೂನ್‌ನಲ್ಲಿ ತೆಗೆದವರಿಗೆ ಅಷ್ಟು ಆತುರ ಬೇಡ, ಗಡುವು ಯಾವತ್ತು ಅಂತ ಗೊತ್ತಿದ್ದರೆ ಒಣಗಿಸಿ, ರೇಟು ನೋಡಿ ಮಾರಬಹುದು. ಇದಲ್ಲದೆ ಐದು ಎಕರೆಯೊಳಗಿನ ಸಣ್ಣ ರೈತರಿಗೆ ಇನ್ನೊಂದು ಅನುಕೂಲ ಇದೆ. ಸರ್ಕಾರದ ನೋಂದಣಿ ಇರುವ ಗೋದಾಮಿನಲ್ಲಿ ಫಸಲಿಟ್ಟು, ಅಲ್ಲಿ ಕೊಡುವ ರಸೀದಿಯ ಮೇಲೆ ಸಾಲ ತೆಗೆದರೆ, ಕೊಯ್ಲಾದ ಮೇಲೆ ಆರು ತಿಂಗಳವರೆಗೆ ಅದಕ್ಕೂ ಬಡ್ಡಿ ಸಹಾಯ ಸಿಗುತ್ತದೆ. ಆ ಸಾಲಕ್ಕೆ ಶೇ. 7. ಅದನ್ನು ತೆಗೆದು ಬೆಳೆ ಸಾಲ ಸಕಾಲಕ್ಕೆ ತೀರಿಸಿ, ರೇಟು ಬಂದಾಗ ಜೋಳ ಮಾರಬಹುದು. ಗೋದಾಮು ಬಾಡಿಗೆ, ಸಾಗಾಟ, ಹಮಾಲಿ ಎಲ್ಲಾ ಸೇರಿಸಿ ಲೆಕ್ಕ ಹಾಕಬೇಕು, ಹತ್ತು ಹನ್ನೆರಡು ಚೀಲ ಇದ್ದವರಿಗೆ ಇದು ಗಿಟ್ಟೋದಿಲ್ಲ. ನಮ್ಮ ಊರಲ್ಲಿ ನಾನು ವಿಚಾರಿಸಿದವರಲ್ಲಿ ಒಬ್ಬರಿಗೂ ಈ ಅನುಕೂಲ ಇದೆ ಅಂತಲೇ ಗೊತ್ತಿರಲಿಲ್ಲ.

ಸೊಸೈಟಿ ಸಾಲದವರು "ನಮ್ಮದು ಬಡ್ಡಿ ಇಲ್ಲದ ಸಾಲ, ನಮಗ್ಯಾಕೆ ಇದು" ಅಂತಾರೆ. ನಿಜ, ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ, 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಆ ಸೊನ್ನೆಯೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಸುಸ್ತಿಯಾದರೆ ಬಡ್ಡಿ ಬೀಳುತ್ತದೆ. ಅಲ್ಲಿ ಒಂದು ದಿನ ತಪ್ಪಿದರೆ ಹೋಗೋದು ನಮ್ಮ ಶೇ. 3ಕ್ಕಿಂತಲೂ ದೊಡ್ಡದು.

ಹಾಗಾಗಿ ಸಾಹೇಬರೇ, ನನ್ನ ಬೇಡಿಕೆ ದೊಡ್ಡದಲ್ಲ. ಹೊಸ ಯೋಜನೆ ಬೇಡ, ಹೊಸ ದುಡ್ಡೂ ಬೇಡ. ದುಡ್ಡು ತೆಗೆದ ದಿನವೇ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಸೀಲ್ ಹೊಡೆದು, "ಈ ತಾರೀಖಿನೊಳಗೆ ಅಸಲು ಬಡ್ಡಿ ಪೂರ್ತಿ ಕಟ್ಟಿದರೆ ಶೇ. 3 ವಾಪಸ್" ಅಂತ ಕನ್ನಡದಲ್ಲಿ ಬರೆದು ತಾರೀಖು ಹಾಕಿಕೊಡಿ. ಗಡುವಿಗೆ ಎರಡು ತಿಂಗಳು ಮೊದಲು ಒಂದು, ಹದಿನೈದು ದಿನ ಮೊದಲು ಒಂದು, ಕನ್ನಡದಲ್ಲೇ ಮೆಸೇಜ್ ಕಳಿಸಿ. ಈಗ ಬರೋ ಮೆಸೇಜ್ ಇಂಗ್ಲಿಷಿನಲ್ಲಿ ಇರುತ್ತದೆ, ಅದೂ ಗಡುವು ದಾಟಿದ ಮೇಲೆ ಬರುತ್ತದೆ, ಅಪ್ಪ ಅದನ್ನು ಮೊಬೈಲ್ ಕಂಪನಿಯದು ಅಂತ ಅಳಿಸಿಬಿಡುತ್ತಾರೆ. ಎರಡು ತಿಂಗಳು ಯಾಕೆ ಅಂದರೆ, ಅಷ್ಟಿದ್ದರೆ ಉಳಿದ ಕಾಳು ಮಾರಬಹುದು, ಹೋರಿ ಮಾರಬಹುದು, ಕೊಟ್ಟ ಕಡೆಯಿಂದ ವಸೂಲಿ ಮಾಡಬಹುದು. ಹದಿನೈದು ದಿನದಲ್ಲಿ ರೈತನಿಗೆ ಸಿಗೋದು ಕೈಸಾಲ ಒಂದೇ.

ಶೇ. 3 ಜಮಾ ಮಾಡಿದಾಗ ಅದರ ಮುಂದೆ "ಸಕಾಲ ಮರುಪಾವತಿ ಪ್ರೋತ್ಸಾಹಧನ" ಅಂತ ಬರೆಯಿರಿ. ತಂತ್ರಾಂಶದಲ್ಲಿ ಆಗೋದಿಲ್ಲ ಅಂದರೆ ಆ ಮೂರು ಅಕ್ಷರಕ್ಕೆ ಏನು ಅರ್ಥ ಅಂತ ಕೌಂಟರಿನ ಮೇಲೆ ಒಂದು ಹಾಳೆ ಅಂಟಿಸಿ. ತಾಲ್ಲೂಕು ಮಟ್ಟದಲ್ಲಿ ಬ್ಯಾಂಕುಗಳ ಸಭೆ ನಡೆಯುತ್ತದಲ್ಲ, ಅಲ್ಲಿ ಲೀಡ್ ಬ್ಯಾಂಕ್ ಸಾಹೇಬರು ಒಂದೇ ಪ್ರಶ್ನೆ ಕೇಳಲಿ: ನಿಮ್ಮ ಶಾಖೆಯಲ್ಲಿ ಗಡುವು ದಾಟಿ ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದ ಬೆಳೆ ಸಾಲದವರು ಎಷ್ಟು ಜನ? ಇವರು ಕಟ್ಟುವ ಮನಸ್ಸಿಲ್ಲದವರಲ್ಲ. ಕಟ್ಟಿದ್ದಾರಲ್ಲ. ಇವರಲ್ಲಿ ತಾರೀಖು ಗೊತ್ತಿಲ್ಲದೆ ಕಳೆದುಕೊಂಡವರೇ ಬಹಳ ಇರುತ್ತಾರೆ ಅಂತ ನನ್ನ ಅನಿಸಿಕೆ, ಆ ಸಂಖ್ಯೆ ಹೊರಗೆ ಬಂದರೆ ಅದೇ ಹೇಳುತ್ತದೆ.

2025ರ ಬಜೆಟ್ಟಿನಲ್ಲಿ ಕೇಂದ್ರದವರು ಈ ರಿಯಾಯಿತಿ ಸಾಲದ ಮಿತಿಯನ್ನು 3ರಿಂದ 5 ಲಕ್ಷಕ್ಕೆ ಏರಿಸುವ ಮಾತು ಹೇಳಿದ್ದಾರೆ. ಮಿತಿ ಹೆಚ್ಚಾದಷ್ಟೂ ಒಂದು ದಿನ ತಪ್ಪಿದಾಗ ಹೋಗೋದೂ ಹೆಚ್ಚುತ್ತದೆ. 5 ಲಕ್ಷಕ್ಕೆ ವರ್ಷದ ಶೇ. 3 ಅಂದರೆ 15,000 ರೂಪಾಯಿ.

ನಮ್ಮ ಮನೆಯಲ್ಲಿ ಈಗ ಏನು ಮಾಡುತ್ತೇವೆ ಅಂದರೆ, ದುಡ್ಡು ತೆಗೆದ ದಿನವೇ ನಾನು ಕೌಂಟರಿನಲ್ಲಿ ಗಡುವು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡು ಬರುತ್ತೇನೆ. ಅಪ್ಪ ಅದನ್ನು ಬೀಜದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡುತ್ತಾರೆ, ಅದನ್ನು ತೆಗೆಯದೆ ಬಿತ್ತನೆ ಶುರುವಾಗೋದಿಲ್ಲವಲ್ಲ, ಅದಕ್ಕೆ. ಕೌಂಟರಿನಲ್ಲಿದ್ದವರು ಮೊದಲ ಸಲ ಬರೆದುಕೊಡಲಿಕ್ಕೆ ಹಿಂದೆ ಮುಂದೆ ನೋಡಿದರು, ಎರಡನೇ ಸಲ ಅವರೇ ಚೀಟಿ ಹರಿದು ಬರೆದುಕೊಟ್ಟರು. ಅರ್ಧ ನಿಮಿಷದ ಕೆಲಸ. ಅದನ್ನು ಕೇಳದವರಿಗೂ ಬರೆದುಕೊಡಿ ಅಂತಷ್ಟೇ ನನ್ನ ವಿನಂತಿ.

ಇಂತಿ,
ರಾಣೇಬೆನ್ನೂರು ತಾಲ್ಲೂಕಿನ ಒಬ್ಬ ರೈತನ ಮಗಳು